2/10 ನೆಟ್ 30: ನಾನು ಎಡವಿದ್ದು ದಿನ ಎಣಿಸುವಲ್ಲಿ

ಬಿಲ್ಲಿನ ಕೆಳಗೆ ‘2/10 ನೆಟ್ 30’ ಎಂದಿದ್ದರೆ, 10 ದಿನದೊಳಗೆ ಕೊಟ್ಟವರಿಗೆ 2% ರಿಯಾಯಿತಿ, ಉಳಿದವರು 30 ದಿನದೊಳಗೆ ಪೂರ್ತಿ ಕೊಡಬೇಕು. ಎರಡೇ ಪರ್ಸೆಂಟ್ ತಾನೇ ಎಂದುಕೊಂಡೆ. ಕೆಟ್ಟದ್ದು ಅಲ್ಲೇ.

ಅಣ್ಣನದು ಎ.ಸಿ. ಸರ್ವೀಸ್. ಒಂದು ಕಚೇರಿಗೆ ಜಿಎಸ್‌ಟಿ ಬಿಟ್ಟು ₹50,000 ಬಿಲ್ ಅಂದುಕೊಳ್ಳಿ. ರಿಯಾಯಿತಿ ಕೊಟ್ಟರೆ ಕೈಗೆ ₹49,000. ನಾನು 2% ಅನ್ನು 30 ದಿನಕ್ಕೆ ಹಂಚಿ, ವರ್ಷಕ್ಕೆ 24% ಎಂದು ಬರೆದಿದ್ದೆ. ತಪ್ಪು! ರಿಯಾಯಿತಿ ಬೇಕಾದವನೂ 10ನೇ ದಿನದವರೆಗೆ ಕೊಡದೆ ಇರಬಹುದು. ಹಾಗಾಗಿ ಅಣ್ಣ ₹1,000 ತೆತ್ತು ಕೊಂಡದ್ದು 10ರಿಂದ 30ರವರೆಗಿನ 20 ದಿನ ಮಾತ್ರ. ಮುಂಚೆ ಸಿಕ್ಕಿದ್ದೂ 50,000 ಅಲ್ಲ, 49,000.

```
1000 / 49000 = 2.04%
2.04% × 365 / 20 = 37.2%
```

ಅಣ್ಣನ ಓಡಿ, ಅಂದರೆ ಬ್ಯಾಂಕ್ ಓವರ್‌ಡ್ರಾಫ್ಟ್ ಸಾಲದ ಬಡ್ಡಿ ವರ್ಷಕ್ಕೆ 12%. ಅದೇ 49,000ವನ್ನು 20 ದಿನಕ್ಕೆ ಓಡಿಯಲ್ಲಿ ಎತ್ತಿದ್ದರೆ ಬಡ್ಡಿ ಸುಮಾರು ₹322. ಅದನ್ನು ಉಳಿಸಲು ಸಾವಿರ ಬಿಟ್ಟುಕೊಟ್ಟಂತಾಯಿತು.

ಹಾಗಂತ ರಿಯಾಯಿತಿಯೇ ದಂಡವೇ? ಲೆಕ್ಕ ನೋಡುವ ಅಂಕಲ್ ಕೇಳಿದ್ದು ಒಂದೇ: “ಬಿಲ್ಲಲ್ಲಿ 30 ಇರಲಿ ಮಾರಾಯ, ಅವರು ನಿಜವಾಗಿ ಕೊಡೋದು ಯಾವತ್ತು?” ಲೆಡ್ಜರ್ ತೆಗೆದರೆ ಆ ಕಚೇರಿ ಕೊಡುವುದು 75ನೇ ದಿನದ ಸುಮಾರಿಗೆ. ಆಗ ಉಳಿಯುವುದು 65 ದಿನದ ಬಡ್ಡಿ, ಸುಮಾರು ₹1,047. ಸಾವಿರ ಬಿಟ್ಟರೂ ನಷ್ಟವಿಲ್ಲ. ಇನ್ನೊಬ್ಬ ಗ್ರಾಹಕ ಹೇಗೂ 12ನೇ ದಿನ ಕೊಡುವವನು. ಅವನಿಗೂ ಇದೇ ಸಾಲು ಅಚ್ಚುಹಾಕಿದರೆ ಎರಡು ದಿನಕ್ಕೆ ಸಾವಿರ ಹೋಯಿತು! ಅದಕ್ಕೇ ಎಲ್ಲರ ಬಿಲ್ಲಿಗೂ ಒಂದೇ ಷರತ್ತು ಬೇಡ. ನನಗೆ ಅತಿ ಇಷ್ಟವಾದ ಅಡ್ಡದಾರಿ ಇದು: ಬಿಟ್ಟ ಮೊತ್ತವನ್ನು ದಿನದ ಓಡಿ ಬಡ್ಡಿಯಿಂದ ಭಾಗಿಸಿ. ಇಲ್ಲಿ 1,000 ÷ 16.1, ಅಂದರೆ 62 ದಿನ. ಹಣ ಅಷ್ಟು ದಿನವಾದರೂ ಮುಂಚೆ ಬಂದರೆ ಮಾತ್ರ ಸರಿಹೋಗುತ್ತದೆ.

ಜಿಎಸ್‌ಟಿ ಲೆಕ್ಕದಲ್ಲೂ ರಿಯಾಯಿತಿ ಇಳಿಸಬೇಕಿದ್ದರೆ, ಕೆಲಸಕ್ಕೆ ಮೊದಲೇ ಒಪ್ಪಂದದಲ್ಲಿ ಬರೆದಿಟ್ಟು, ಆಮೇಲೆ ಆ ಬಿಲ್ ನಂಬರ್ ಹಾಕಿ ಕ್ರೆಡಿಟ್ ನೋಟ್ ಕೊಡಿ. ಗ್ರಾಹಕ ಅಷ್ಟರ ಇನ್‌ಪುಟ್ ಕ್ರೆಡಿಟ್ ವಾಪಸ್ ಮಾಡಬೇಕು.

ತಡದ ಶುಲ್ಕ ಸರಳ: ತಿಂಗಳಿಗೆ 1.5%, ದಿನದ ಲೆಕ್ಕ. 20 ದಿನ ತಡವಾದರೆ ₹500. ಇದೂ ಸೇವೆಯ ಬೆಲೆಯಲ್ಲೇ ಸೇರುವುದರಿಂದ ಇದರ ಮೇಲೂ 18% ಜಿಎಸ್‌ಟಿ, ₹90. ಆದರೆ ಕಟ್ಟಬೇಕಾದ್ದು ಶುಲ್ಕ ಕೈಗೆ ಬಂದಾಗ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ, ಸಣ್ಣ ಸೇವೆಯವರಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯ ರಕ್ಷಣೆಯೂ ಇದೆ. ಒಪ್ಪಂದ ಏನೇ ಇರಲಿ, ಕೆಲಸ ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. 75ನೇ ದಿನ ಕೊಡುವ ಆ ಕಚೇರಿಗೆ ಕಳಿಸಿದ ಹೊಸ ಬಿಲ್ಲಿನಲ್ಲಿ ಅಣ್ಣ ಈ ಸಾಲನ್ನೂ, ಉದ್ಯಮ್ ನಂಬರನ್ನೂ ಹಾಕಿದ್ದಾನೆ.