ಎಲಿವೇಶನ್ ಚಿತ್ರಕ್ಕೆ ಆಗಸ್ಟ್ ತಿಂಗಳು ತೋರಿಸಿ

"ಮೇಡಂ, ಈ ನಾಲ್ಕರಲ್ಲಿ ಯಾವುದು ಚೆನ್ನಾಗಿದೆ ಹೇಳಿ" ಎಂದು ಮೊಬೈಲ್ ಮುಂದೆ ಹಿಡಿಯುವವರು ಮಡಿಕೇರಿಯ ನನ್ನ ಆಫೀಸಿಗೆ ವಾರಕ್ಕೆ ಒಬ್ಬರಾದರೂ ಬರುತ್ತಾರೆ. ನಾಲ್ಕು ಮನೆ, ನಾಲ್ಕು ಎಲಿವೇಶನ್, ಅಂದರೆ ಮನೆಯ ಮುಖ ತೋರಿಸುವ ತ್ರೀಡಿ ಚಿತ್ರ. ನಾಲ್ಕರಲ್ಲೂ ಆಕಾಶ ನೀಲಿ. ನಾಲ್ಕರಲ್ಲೂ ಮನೆಯ ಮುಖಕ್ಕೆ ಚಿನ್ನದಂಥ ಬಿಸಿಲು. ಅಂಗಳ ಟೇಬಲ್ ಥರ ಸಮತಟ್ಟು.

ಆ ಬಿಸಿಲು ನಿಮ್ಮ ಮನೆಯದ್ದಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ. ಚಿತ್ರ ಮಾಡುವವರು ಸೂರ್ಯನನ್ನು ಎಲ್ಲಿ ಬೇಕಾದರೂ ಇಡಬಹುದು. ಮನೆಯ ಮುಖ ಯಾವ ದಿಕ್ಕಿಗಿದೆ ಎಂದು ಅವರು ಕೇಳಿರುವುದೂ ಇಲ್ಲ. ಉತ್ತರಕ್ಕೆ ಮುಖ ಮಾಡಿದ ಮನೆಯೊಂದಕ್ಕೆ ಎದುರಿನಿಂದ ಬಿಸಿಲು ಬಿದ್ದ ಚಿತ್ರ ನೋಡಿ ಒಬ್ಬರು ಮನಸೋತಿದ್ದರು. ನಮ್ಮ ಕೊಡಗಿನಲ್ಲಿ ನಡು ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲುವುದು ಸುಮಾರಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ. ಅದರಲ್ಲಿ ಜಾಸ್ತಿ ದಿನ ಮೋಡವೇ. ಉಳಿದ ತಿಂಗಳುಗಳಲ್ಲಿ ಆ ಗೋಡೆ ಮಧ್ಯಾಹ್ನ ನೆರಳಿನಲ್ಲೇ ಇರುತ್ತದೆ.

ಹಾಗಾಗಿ ಚಿತ್ರಗಳಿಗೆ ಸ್ಥಾನ ಕೊಡುವ ಮುಂಚೆ ನಾನು ಒಂದು ಕೆಲಸ ಮಾಡಿಸುತ್ತೇನೆ. ನಾಲ್ಕನ್ನೂ ಒಂದೇ ಬೂದು ಬಣ್ಣದಲ್ಲಿ, ಆಗಸ್ಟ್ ತಿಂಗಳ ಮೋಡದ ಬೆಳಕಿನಲ್ಲಿ, ಗೇಟಿನ ಹತ್ತಿರ ನಿಂತವರ ಕಣ್ಣಿನ ಎತ್ತರದಿಂದ ಮತ್ತೆ ತೆಗೆಸಿ ಎನ್ನುತ್ತೇನೆ. ಜೊತೆಗೆ ಪ್ರತಿಯೊಂದಕ್ಕೂ ಮುಂದಿನ ಕೋಣೆಯನ್ನು ಅಡ್ಡ ಕೊಯ್ದು ತೋರಿಸುವ ಒಂದು ಸೆಕ್ಷನ್ ಬೇಕು. ಎಲಿವೇಶನ್ ಚಿತ್ರ ಗೋಡೆಯ ಹೊರಗಿನದು. ಬೆಳಕು ಬೇಕಿರುವುದು ಒಳಗೆ. ಸೆಕ್ಷನ್ ಇಲ್ಲದೆ ಬೆಳಕಿನ ಮಾತು ಆಡಲು ನನಗೆ ಧೈರ್ಯ ಬರುವುದಿಲ್ಲ.

ಮೂರ್ನಾಡು ಕಡೆಯ ಒಂದು ಮನೆಯನ್ನೇ ಹೇಳುತ್ತೇನೆ. ಗಂಡ, ಹೆಂಡತಿ, ಎಂಬತ್ತು ದಾಟಿದ ಅಜ್ಜಿ, ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ. ರಸ್ತೆ ಪಶ್ಚಿಮಕ್ಕೆ, ಮನೆಯ ಮುಖವೂ ಅಲ್ಲಿಗೇ. ಮುಂದಿನ ಹಾಲ್ 14 ಅಡಿ ಅಗಲ, 16 ಅಡಿ ಆಳ. ರಸ್ತೆಯ ಆಚೆ ಬೇರೆಯವರ ಕಾಫಿ ತೋಟ. ಗೋಡೆಯಿಂದ 150 ಅಡಿ ದೂರದಲ್ಲಿ ಸಿಲ್ವರ್ ಓಕ್ ಸಾಲು. ನಮ್ಮ ನೆಲದ ಮಟ್ಟದಿಂದ ಅದರ ತುದಿ 60 ಅಡಿ. ಮಗ ನಾಲ್ಕು ಎಲಿವೇಶನ್ ಮಾಡಿಸಿ ತಂದಿದ್ದ. ಒಂದನೆಯದು ಚೌಕದ ಡಬ್ಬಿಯಂಥದು, ತಾರಸಿ, ಎರಡಂತಸ್ತು ಎತ್ತರದ ಗಾಜು, ಚಜ್ಜಾ ಇಲ್ಲ. ಎರಡನೆಯದಕ್ಕೆ ನಾಲ್ಕು ಕಂಬದ ಪೋರ್ಟಿಕೊ, 20 ಅಡಿ ಎತ್ತರ, 8 ಅಡಿ ಆಳ. ಮೂರನೆಯದು ಕೊಡವ ಕುಟುಂಬಗಳ ಮೂಲಮನೆಯಾದ ಐನ್‌ಮನೆಯ ನೆನಪಿನದು: ಮಂಗಳೂರು ಹೆಂಚು, ಮುಂದೆ 6 ಅಡಿ ಜಗಲಿ, ಸೂರಿನ ಅಂಚು ನೆಲದಿಂದ 7 ಅಡಿ. ನಾಲ್ಕನೆಯದು ಇಳಿಜಾರು ಮಾಡು, ಜಗಲಿ ಇಲ್ಲ, ಸೂರು ಮೂರೂವರೆ ಅಡಿ ಹೊರಗೆ, ಅದರ ಅಂಚು 9 ಅಡಿ ಎತ್ತರದಲ್ಲಿ.

ಮಗನಿಗೆ ಒಂದನೆಯದು ಇಷ್ಟ. ಅಪ್ಪನಿಗೆ ಪೋರ್ಟಿಕೊ. ಅಜ್ಜಿ ಮೂರನೆಯದನ್ನು ತೋರಿಸಿ, "ಇದು ಮನೆ ಹಾಗಿದೆ" ಎಂದರು.

ಮೊದಲು ಬೆಳಕು. ಮಳೆಗಾಲದಲ್ಲಿ ಕೊಡಗಿನ ಬೆಳಕು ಸೂರ್ಯನಿಂದ ನೇರವಾಗಿ ಬರುವುದಿಲ್ಲ, ಮೋಡದಿಂದ ಬರುತ್ತದೆ. ಪೂರ್ತಿ ಮೋಡ ಕವಿದ ಆಕಾಶದಲ್ಲಿ ತಲೆಯ ಮೇಲಿನ ಭಾಗ, ಅಂಚಿನ ಭಾಗಕ್ಕಿಂತ ಸುಮಾರು ಮೂರು ಪಟ್ಟು ಬೆಳ್ಳಗಿರುತ್ತದೆ. ಅಂದರೆ ಕಿಟಕಿಯಿಂದ ಎಷ್ಟು ಆಕಾಶ ಕಾಣುತ್ತದೆ, ಎಷ್ಟು ಮೇಲಿನದು ಕಾಣುತ್ತದೆ ಎನ್ನುವುದೇ ಮುಖ್ಯ. ಕಿಟಕಿ ದೊಡ್ಡದಿದ್ದರೆ ಸಾಕು ಎನ್ನುವುದು ತಪ್ಪು ತಿಳಿವಳಿಕೆ. ದೊಡ್ಡ ಕಿಟಕಿ ತುಂಬಾ ಬರೀ ಮರ ಕಂಡರೆ ಹಾಲ್ ಹಸಿರು ಕತ್ತಲೆಯಲ್ಲಿರುತ್ತದೆ.

ಇದನ್ನು ಅಳೆಯಲು ಒಂದು ದಾರ ಸಾಕು. ಸೆಕ್ಷನ್ ಮೇಲೆ ಹಾಲ್‌ನ ನಡುಭಾಗ ಗುರುತಿಸಿ. ಅಂದರೆ ಗೋಡೆಯಿಂದ 8 ಅಡಿ ಒಳಗೆ, ನೆಲದಿಂದ ಎರಡೂವರೆ ಅಡಿ ಮೇಲೆ, ಟೇಬಲಿನ ಎತ್ತರ. ಅಲ್ಲಿಂದ ಸೂರಿನ ಅಂಚಿಗೆ ದಾರ ಹಿಡಿಯಿರಿ. ಮೂರನೆಯ ಮನೆಯಲ್ಲಿ 14 ಅಡಿ ದೂರ ಹೋಗುವಷ್ಟರಲ್ಲಿ ದಾರ ನಾಲ್ಕೂವರೆ ಅಡಿ ಏರುತ್ತದೆ. ಪ್ರತಿ 10 ಅಡಿಗೆ ಸುಮಾರು 3.2 ಅಡಿ. ಈಗ ಅದೇ ಜಾಗದಿಂದ ಮರದ ತುದಿಗೆ ಹಿಡಿಯಿರಿ. 158 ಅಡಿಗೆ ಐವತ್ತೇಳೂವರೆ ಅಡಿ ಏರಿಕೆ. ಪ್ರತಿ 10 ಅಡಿಗೆ 3.6. ಸೂರಿನ ಅಂಚಿನ ದಾರ ಮರದ ತುದಿಗಿಂತ ಕೆಳಗೇ ಹೋಗಿ ಮರಕ್ಕೆ ಮುಟ್ಟುತ್ತದೆ. ಹಾಲ್ ನಡುವೆ ಕುಳಿತವರಿಗೆ ಒಂದು ಚೂರೂ ಆಕಾಶ ಇಲ್ಲ. ಜುಲೈನಲ್ಲಿ ಬೆಳಗ್ಗೆ ಹನ್ನೊಂದಕ್ಕೂ ಲೈಟ್ ಹಾಕಬೇಕು.

ಹಾಗಾದರೆ ಹಳೇ ಐನ್‌ಮನೆಗಳಲ್ಲಿ ಬೆಳಕು ಎಲ್ಲಿಂದ ಬರುತ್ತಿತ್ತು? ಆ ಮನೆಗಳಲ್ಲಿ ಅನೇಕದರ ನಡುವೆ ತೆರೆದ ತೊಟ್ಟಿ ಇರುತ್ತಿತ್ತು. ಮೇಲಿನ ಆಕಾಶ ಅಲ್ಲಿಂದ ಒಳಗೆ ಇಳಿಯುತ್ತಿತ್ತು. ಮುಂದಿನ ಜಗಲಿಯಾದ ಕಯ್ಯಾಲೆ ಕೂರಲು, ಬಂದವರ ಜೊತೆ ಮಾತಾಡಲು. ಈಗ ನಾವು ತೊಟ್ಟಿ ಬಿಟ್ಟು ಮುಖ ಮಾತ್ರ ನಕಲು ಮಾಡುತ್ತೇವೆ. ಕಂಬಗಳ ನಡುವೆ ಕೂರುವ ಹಲಗೆಯಾದ ಐಮರ ಹಾಕಿದ ಕೂಡಲೇ ಐನ್‌ಮನೆ ಆಯಿತು ಎಂದುಕೊಳ್ಳುತ್ತೇವೆ. ಬೆಳಕಿನ ಮೂಲವನ್ನು ತೆಗೆದು ನೆರಳಿನ ಭಾಗವನ್ನಷ್ಟೇ ಉಳಿಸಿಕೊಂಡರೆ ಕತ್ತಲೆಯಾಗದೆ ಇನ್ನೇನು?

ನಾಲ್ಕನೆಯ ಮನೆಯಲ್ಲಿ ದಾರ ಪ್ರತಿ 10 ಅಡಿಗೆ ಐದೂವರೆ ಅಡಿಗಿಂತ ಜಾಸ್ತಿ ಏರಿತು. ಮರದ ಮೇಲೆ ಆಕಾಶದ ಒಳ್ಳೇ ಪಟ್ಟಿ ಸಿಕ್ಕಿತು. ಪೋರ್ಟಿಕೊ ತುಂಬಾ ಎತ್ತರ ಇದ್ದಿದ್ದರಿಂದ ಅದರ ಅಂಚು ಆಕಾಶಕ್ಕೆ ಅಡ್ಡ ಬರಲಿಲ್ಲ. ಗಾಜಿನ ಡಬ್ಬಿಯ ಬೆಳಕಿನ ಬಗ್ಗೆ ತಕರಾರಿಲ್ಲ. ಬೆಳಕೊಂದನ್ನೇ ನೋಡಿದರೆ ಅದೇ ಮೊದಲು.

ಆದರೆ ದಾರವನ್ನು ಇನ್ನೊಂದು ಸಲ ಹಿಡಿಯಬೇಕು, ಈ ಸಲ ಮಳೆಗೆ. ನಮ್ಮ ಮುಂಗಾರು ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಈ ಮನೆಯ ಮುಖಕ್ಕೇ ನೇರ ಹೊಡೆತ. ಗಾಳಿ ಜೋರಾದಾಗ ಮಳೆ ಒಂದು ಅಡಿ ಇಳಿಯುವಷ್ಟರಲ್ಲಿ ಒಂದು ಅಡಿ ಒಳಗೆ ಬರುತ್ತದೆ ಎಂದು ಹಿಡಿದು ನೋಡುತ್ತೇನೆ. ಇದು ನಾನು ಇಟ್ಟುಕೊಂಡ ಅಂದಾಜು, ನಿಯಮ ಅಲ್ಲ. ಬೆಟ್ಟದ ತುದಿಯ ಮನೆಗೆ ಇದೂ ಸಾಲದಿರಬಹುದು. ಆ ಲೆಕ್ಕದಲ್ಲಿ ಸೂರು ಎಷ್ಟು ಅಡಿ ಹೊರಗಿದೆಯೋ, ಅದರ ಅಂಚಿನಿಂದ ಕೆಳಗೆ ಗೋಡೆಯ ಅಷ್ಟೇ ಅಡಿ ಒಣಗಿರುತ್ತದೆ.

ಪೋರ್ಟಿಕೊ ನೋಡಿ. ಅಂಚು 20 ಅಡಿ ಮೇಲೆ, ಆಳ 8 ಅಡಿ. ಮೇಲಿನ 8 ಅಡಿ ಗೋಡೆ ಒಣಗಿರುತ್ತದೆ, ಕೆಳಗಿನ 12 ಅಡಿ ನೆನೆಯುತ್ತದೆ. ಮುಂಬಾಗಿಲು ಇರುವುದು ಕೆಳಗಿನ 7 ಅಡಿಯಲ್ಲಿ! ಅಷ್ಟು ದುಡ್ಡು ಹಾಕಿ ಕಟ್ಟಿದ ಕಂಬಗಳ ಕೆಳಗೆ ಕೊಡೆ ಹಿಡಿದು ಬಾಗಿಲು ತೆಗೆಯಬೇಕು. ಅಪ್ಪ ಈ ಲೆಕ್ಕವನ್ನು ಎರಡು ಸಲ ಹಾಕಿ ನೋಡಿದರು. ನಾಲ್ಕನೆಯ ಮನೆಯಲ್ಲಿ ಐದೂವರೆ ಅಡಿಯಿಂದ ಕೆಳಗೆ ಒದ್ದೆ. ಕಿಟಕಿ ಎರಡೂವರೆ ಅಡಿಗೆ ಶುರುವಾಗುತ್ತದೆ, ಹಾಗಾಗಿ ಅರ್ಧಕ್ಕಿಂತ ಜಾಸ್ತಿ ನೀರು ತಿನ್ನುತ್ತದೆ. ಮೂರನೆಯದು ಮಾತ್ರ ನೆಲದಿಂದ ಒಂದು ಅಡಿ ಬಿಟ್ಟು ಮೇಲೆಲ್ಲ ಒಣಗಿತ್ತು.

ಗಾಜಿನ ಡಬ್ಬಿಗೆ ಇನ್ನೊಂದು ಪರೀಕ್ಷೆ ಮಾಡಿದೆವು. ಕೊಡಗಿನಲ್ಲಿ ತಾರಸಿ ಮನೆ ಕಟ್ಟಿದವರು ಕೆಲವು ಮಳೆಗಾಲ ಸೋರಿದ ಮೇಲೆ ಅದರ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟ್ ಹೊದೆಸುವುದನ್ನು ನೀವೂ ನೋಡಿದ್ದೀರಿ, ಅಲ್ವಾ? ಆ ಶೀಟನ್ನು ಈಗಲೇ ಚಿತ್ರದಲ್ಲಿ ಬರೆದು ನೋಡೋಣ ಎಂದೆ. ಮಗನೇ ಲ್ಯಾಪ್‌ಟಾಪಿನಲ್ಲಿ ಬರೆದ. ಬರೆದು ಮುಗಿಸಿ ಸುಮ್ಮನೆ ಕುಳಿತ. ಅವನು ಮೆಚ್ಚಿದ್ದ ಚೂಪು ಅಂಚು, ತೆಳು ಗೆರೆ ಒಂದೂ ಉಳಿದಿರಲಿಲ್ಲ. ಪಶ್ಚಿಮದ ಗಾಜಿಗೆ ಬೇಸಿಗೆಯ ಇಳಿಬಿಸಿಲು ಬೇರೆ. ಅಷ್ಟು ಕೆಳಗಿನ ಬಿಸಿಲನ್ನು ಯಾವ ಚಜ್ಜಾವೂ ತಡೆಯುವುದಿಲ್ಲ. ಪರದೆ ಎಳೆಯಬೇಕು. ಪರದೆ ಎಳೆದ ಮೇಲೆ ಗಾಜು ಯಾಕೆ?

ಅಳತೆಯ ಹೊಂದಿಕೆ ಬಗ್ಗೆ ಜಾಸ್ತಿ ಹೇಳಲಾರೆ, ಅದರಲ್ಲಿ ರುಚಿಯ ಪಾಲೂ ಇದೆ. ಒಂದು ವಿಷಯ ಮಾತ್ರ ರುಚಿಯದಲ್ಲ. ಚಿತ್ರದಲ್ಲಿ ಸೈಟ್ ಸಮತಟ್ಟು, ನಿಜದಲ್ಲಿ ಅದು ಬರೆ, ಅಂದರೆ ಗುಡ್ಡದ ಇಳಿಜಾರು. ಈ ಮನೆಯ ನೆಲ ರಸ್ತೆಗಿಂತ 5 ಅಡಿ ಮೇಲಿದೆ. 10 ಅಡಿ ಅಗಲ, 20 ಅಡಿ ಎತ್ತರ ಎಂದು ಬರೆದ ಪೋರ್ಟಿಕೊ ರಸ್ತೆಯಿಂದ 25 ಅಡಿ ಎತ್ತರ ಕಾಣುತ್ತದೆ. ಅಗಲದ ಎರಡೂವರೆ ಪಟ್ಟು. 9 ಇಂಚಿನ ಕಂಬ ಆಗ ಕೋಲಿನ ಹಾಗೆ. ಅದೇ 5 ಅಡಿ ಕಲ್ಲಿನ ಕಟ್ಟೆಯ ಮೇಲೆ, 36 ಅಡಿ ಉದ್ದಕ್ಕೆ ಹರಡಿದ ತಗ್ಗಿನ ಜಗಲಿ ಗಟ್ಟಿಯಾಗಿ ಕುಳಿತಂತೆ ಕಂಡಿತು. ಗೇಟಿನ ಎತ್ತರದಿಂದ ತೆಗೆಸಿದ ಬೂದು ಚಿತ್ರದಲ್ಲಿ ಇದು ಯಾರೂ ಹೇಳದೆಯೇ ಎಲ್ಲರಿಗೂ ಗೊತ್ತಾಯಿತು.

ಇದ್ದ ಹಾಗೇ ಆರಿಸುವುದಾದರೆ ನಾನು ನಾಲ್ಕನೆಯದಕ್ಕೆ ಮೊದಲ ಸ್ಥಾನ ಕೊಡುತ್ತಿದ್ದೆ. ಆಮೇಲೆ ಮೂರು, ಎರಡು, ಒಂದು. ಆದರೆ ಎಲಿವೇಶನ್‌ಗೆ ಸ್ಥಾನ ಕೊಡುವಾಗ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಯಾವುದರ ತಪ್ಪು ಸುಲಭವಾಗಿ ಸರಿಹೋಗುತ್ತದೆ? ಪೋರ್ಟಿಕೊ ತಗ್ಗಿಸಿದರೆ ಅದು ಪೋರ್ಟಿಕೊ ಆಗಿ ಉಳಿಯುವುದಿಲ್ಲ. ಮೂರನೆಯದರ ತಪ್ಪು ಬರೀ ಒಂದೂವರೆ ಅಡಿಯದು. ಸೂರಿನ ಅಂಚನ್ನು 7ರಿಂದ ಎಂಟೂವರೆ ಅಡಿಗೆ ಏರಿಸಿದೆವು. ಜಗಲಿಯನ್ನು 6ರಿಂದ 5 ಅಡಿಗೆ ಇಳಿಸಿದೆವು. ಮಾಡಿನ ಇಳಿಜಾರು ಹಾಗೇ ಉಳಿಯಲು ಗೋಡೆ ಒಂದು ಅಡಿ ಏರಬೇಕಾಯಿತು. ಖರ್ಚು ಬಂದಿದ್ದು ಅಲ್ಲೇ. ಕಿಟಕಿಯ ಮೇಲಂಚನ್ನೂ 8 ಅಡಿಗೆ ಒಯ್ದೆವು. ಈಗ ದಾರ ಪ್ರತಿ 10 ಅಡಿಗೆ 4.6 ಅಡಿ ಏರಿ ಮರದ ತುದಿಯನ್ನು ದಾಟಿತು. ಮಳೆ ಮೂರೂವರೆ ಅಡಿಯ ಕೆಳಗೆ ಮಾತ್ರ. ಕಿಟಕಿ 3 ಅಡಿಗೆ ಶುರು, ಹಾಗಾಗಿ ಅರ್ಧ ಅಡಿ ನೆನೆದರೆ ನೆನೆಯಲಿ ಎಂದು ಒಪ್ಪಿಕೊಂಡೆವು. ಜಗಲಿಯ ಮಾಡಿನಲ್ಲಿ ಎರಡು ಸಾಲು ಗಾಜಿನ ಹೆಂಚು ಇಟ್ಟೆವು. ಅವು ನೋಡುವುದು ಆಕಾಶದ ಬೆಳ್ಳಗಿನ ಭಾಗವನ್ನು. ಬೆಳಕು ಜಗಲಿಯ ನೆಲಕ್ಕೆ ಬಿದ್ದು ಒಳಗೆ ಚೆಲ್ಲುತ್ತದೆ. ಅದಕ್ಕೇ ಜಗಲಿಗೆ ಕಪ್ಪು ಕಲ್ಲು ಬೇಡ ಎಂದು ಹಠ ಹಿಡಿದೆ. ದಕ್ಷಿಣ ಗೋಡೆಯಲ್ಲೂ ಒಂದು ಕಿಟಕಿ ಬಂತು.

ಇದೇ ಅಳತೆ ನಿಮ್ಮ ಮನೆಗೂ ಸರಿ ಎಂದು ಹೇಳಲಾರೆ. ಕುಶಾಲನಗರದ ಕಡೆ ಮಳೆ ಎಷ್ಟೋ ಕಡಿಮೆ, ಭಾಗಮಂಡಲದಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ. ಎದುರಿನ ಮರ 150ರ ಬದಲು 60 ಅಡಿ ದೂರ ಇದ್ದರೆ ಮುಂದಿನ ಗೋಡೆಯಿಂದ ಬೆಳಕಿನ ಆಸೆಯನ್ನೇ ಬಿಟ್ಟು ಮಾಡಿನಿಂದ ತರಬೇಕು. ಮಳೆಗೆ ಮುಂಚೆ ತೋಟದ ಮರಗಳ ಕೊಂಬೆ ಕಡಿದು ಮರಕಸಿ ಮಾಡುತ್ತಾರಲ್ಲ ಎನ್ನಬೇಡಿ. ಪಕ್ಕದವರ ತೋಟದ ಕತ್ತಿಯನ್ನು ನಂಬಿ ಕಿಟಕಿ ಇಡಲು ಆಗುವುದಿಲ್ಲ. ಸಿಲ್ವರ್ ಓಕ್ ಇನ್ನೂ ಬೆಳೆಯುತ್ತದೆ. ಅದಕ್ಕೇ ಆ ದಕ್ಷಿಣದ ಕಿಟಕಿ.

ಗಾಜಿನ ಹೆಂಚಿಗೆ ಪಾಚಿ ಹಿಡಿಯುತ್ತದೆ. ಮೇ ತಿಂಗಳಲ್ಲಿ ಏಣಿ ಇಟ್ಟು ಉಜ್ಜಬೇಕು. ಆ ಕೆಲಸ ಮಗನದು ಎಂದು ಅಜ್ಜಿ ಆವತ್ತೇ ಹೇಳಿಬಿಟ್ಟರು.