ಹಳೇ ಬೈಕಿನ ಉಳಿತಾಯ ಎಲ್ಲಿ ಸೋರಿಹೋಗುತ್ತದೆ?

ಗಾಡಿ ಸಾಲದ ಅರ್ಜಿ ನೋಡುವುದು ನನ್ನ ಕೆಲಸ. ಈಚೆಗೆ ಒಬ್ಬ ಯುವಕ ಎರಡು ಚೀಟಿ ತಂದು ಮೇಜಿನ ಮೇಲಿಟ್ಟ. ಒಂದರಲ್ಲಿ ಹೊಸ ಬೈಕಿನ ಲೆಕ್ಕ. ಇನ್ನೊಂದರಲ್ಲಿ ಅದೇ ಮಾಡೆಲ್‌ನ, ನಾಲ್ಕು ವರ್ಷ ಓಡಿದ ಬೈಕಿನ ಲೆಕ್ಕ. "ಎರಡಕ್ಕೂ ಬಡ್ಡಿ 10 ಪರ್ಸೆಂಟೇ ಸರ್. ಹಳೇದು ತಗೊಂಡ್ರೇ ಲಾಭ ಅಲ್ವಾ?" ಅಂದ.

ಚೀಟಿ ತಿರುಗಿಸಿ ನೋಡಿದೆ. ಹಳೇ ಬೈಕಿನ ಸಾಲದ ಮುಂದೆ ಸಣ್ಣದಾಗಿ 'ಫ್ಲಾಟ್' ಅಂತ ಬರೆದಿತ್ತು.

ಹೊಸ ಬೈಕಿನ ಬೆಲೆ 100 ಭಾಗ ಅಂತ ಇಟ್ಟುಕೊಳ್ಳೋಣ. ಹಳೇದಕ್ಕೆ 55. ಎರಡಕ್ಕೂ ಕೈಯಿಂದ 20 ಕೊಟ್ಟರೆ ಹೊಸದಕ್ಕೆ 80, ಹಳೇದಕ್ಕೆ 35 ಸಾಲ ಬೇಕು. ಹಳೇದಕ್ಕೆ ಎರಡು ವರ್ಷ ಫ್ಲಾಟ್ 10 ಪರ್ಸೆಂಟ್ ಅಂದರೆ ವರ್ಷಕ್ಕೆ 3.5ರಂತೆ ಒಟ್ಟು 7 ಬಡ್ಡಿ. ಕೊನೇ ಕಂತಿನ ಹೊತ್ತಿಗೆ ಬಾಕಿ ಎರಡು ಭಾಗವೂ ಇರುವುದಿಲ್ಲ, ಆದರೆ ಬಡ್ಡಿ ಮಾತ್ರ ಪೂರ್ತಿ 35ರ ಮೇಲೇ ಬೀಳುತ್ತಿರುತ್ತದೆ. ಉಳಿದ ಬಾಕಿಗಷ್ಟೇ ಬಡ್ಡಿ ಹಾಕುವ ಸಾಲವಾಗಿದ್ದರೆ ಅದೇ 10 ಪರ್ಸೆಂಟಿಗೆ ಸುಮಾರು 3.8 ಆಗುತ್ತಿತ್ತು. ಅಂದರೆ ಆ ಫ್ಲಾಟ್ 10, ನಿಜವಾಗಿ ಸುಮಾರು 18 ಪರ್ಸೆಂಟ್. ಹಾಗಂತ ಹೊಸದರ ಸಾಲ ಅಗ್ಗ ಅಂತಲ್ಲ. ಬಾಕಿಯ ಮೇಲಿನ ಬಡ್ಡಿಯೇ ಆದರೂ 80 ಭಾಗಕ್ಕೆ ಮೂರು ವರ್ಷದಲ್ಲಿ ಸುಮಾರು 13 ಹೋಗುತ್ತದೆ. ದರವನ್ನಷ್ಟೇ ಹೋಲಿಸಬೇಡಿ. ಕಂತನ್ನು ತಿಂಗಳುಗಳಿಂದ ಗುಣಿಸಿ, ಪಡೆದ ಸಾಲವನ್ನು ಕಳೆಯಿರಿ. ಉಳಿದದ್ದೇ ಬಡ್ಡಿ.

ಇನ್ನು ಬೆಲೆ ಇಳಿಯುವ ಲೆಕ್ಕ. ಐದು ವರ್ಷ ಬಿಟ್ಟು ಮಾರಿದರೆ ಹೊಸದಕ್ಕೆ 48, ಹಳೇದಕ್ಕೆ 22 ಸಿಗಬಹುದು ಅಂದುಕೊಳ್ಳಿ. ಒಂದರಲ್ಲಿ 52 ಕರಗಿತು, ಇನ್ನೊಂದರಲ್ಲಿ 33. ಹಳೇದರ ದೊಡ್ಡ ಲಾಭ ಇರುವುದು ಇಲ್ಲೇ.

ಇನ್ಶೂರೆನ್ಸ್‌ನಲ್ಲಿ ಅಂಥ ಅಂತರವಿಲ್ಲ. ಗಾಡಿಯ ಇವತ್ತಿನ ಬೆಲೆ ಕಡಿಮೆಯಾದಂತೆ ಸ್ವಂತ ಹಾನಿಯ ಪ್ರೀಮಿಯಂ ಇಳಿಯುತ್ತದೆ. ಐದು ವರ್ಷಕ್ಕೆ ಒಟ್ಟು ಹೊಸದಕ್ಕೆ 14, ಹಳೇದಕ್ಕೆ 9 ಹಿಡಿಯಿರಿ. ಆದರೆ ಪಾಲಿಸಿ ನಿಮ್ಮ ಹೆಸರಿಗೆ ಬಂದಿದೆಯಾ ನೋಡಿಕೊಳ್ಳಿ. ಗಾಡಿ ನಿಮ್ಮದಾಗಿ ಪಾಲಿಸಿ ಹಳೇ ಮಾಲೀಕರ ಹೆಸರಲ್ಲೇ ಉಳಿದರೆ, ಬಿದ್ದ ದಿನ ಕ್ಲೇಮ್ ಸಿಗದೇ ಹೋಗಬಹುದು. ಕ್ಲೇಮ್ ಮಾಡದೆ ಅವರು ಗಳಿಸಿದ ಬೋನಸ್ಸೂ ನಿಮಗೆ ಬರುವುದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ.

ರಿಪೇರಿಯಲ್ಲಿ ಹಳೇದು ತಿರುಗಿಸಿ ಹೊಡೆಯುತ್ತದೆ. ನಾಲ್ಕು ವರ್ಷ ಓಡಿದ ಬೈಕಿನಲ್ಲಿ ಟೈರು, ಬ್ಯಾಟರಿ, ಚೈನ್ ಸೆಟ್ಟು ಒಟ್ಟಿಗೇ ಸವೆದು ಬಂದಿರುತ್ತವೆ. ಎಷ್ಟೋ ಜನ ಗಾಡಿ ಮಾರುವುದೇ ಆ ಖರ್ಚು ಎದುರಾದಾಗ. ಹಾಗಾಗಿ ಐದು ವರ್ಷಕ್ಕೆ ಹೊಸದಕ್ಕೆ 18 ಆದರೆ ಹಳೇದಕ್ಕೆ 30 ಇಟ್ಟುಕೊಳ್ಳಿ. ಅದರಲ್ಲಿ 10 ಭಾಗ ಮೊದಲ ವರ್ಷಕ್ಕೇ ಬೇಕಾಗಬಹುದು.

ಎಲ್ಲ ಕೂಡಿದರೆ ಹೊಸದು 97, ಹಳೇದು 79. ಪೆಟ್ರೋಲ್ ಇನ್ನೂ ಸೇರಿಲ್ಲ. ಉಳಿತಾಯ 18 ಭಾಗ. ಆ ಯುವಕನ ಮುಖ ಅರಳಿತು. ಆದರೆ ಈ 18 ಉಳಿಯುತ್ತದೋ ಇಲ್ಲವೋ ಅನ್ನುವುದನ್ನು ಎಂಜಿನ್ ಹೇಳಬೇಕು.

ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುತ್ತೀರಿ ಅಂದುಕೊಳ್ಳಿ. ಹೊಸದು ಲೀಟರಿಗೆ 50, ಹಳೇದು 45 ಕೊಟ್ಟರೆ ಐದು ವರ್ಷದಲ್ಲಿ ಹಳೇದು 111 ಲೀಟರ್ ಜಾಸ್ತಿ ಕುಡಿಯುತ್ತದೆ. ಒಂದು ಭಾಗದ ದುಡ್ಡಿಗೆ 10 ಲೀಟರ್ ಬರುವುದಾದರೆ, 18ರಲ್ಲಿ 11 ಅಲ್ಲೇ ಹೋಯಿತು. ಕೊಳೆತುಂಬಿದ ಏರ್ ಫಿಲ್ಟರ್, ಹಿಡಿದುಕೊಂಡ ಬ್ರೇಕ್, ಗಾಳಿ ಕಮ್ಮಿಯಾದ ಟೈರು ಕಾರಣವಾದರೆ ಹೆದರಬೇಕಿಲ್ಲ, ಸ್ವಲ್ಪದರಲ್ಲೇ ಸರಿಯಾಗುತ್ತದೆ. ಪಿಸ್ಟನ್ ರಿಂಗ್ ಸವೆದಿದ್ದರೆ ಮಾತ್ರ ಎಂಜಿನ್ ಬಿಚ್ಚಬೇಕು. ಉಳಿದ 7 ಅದಕ್ಕೇ ಸಾಲುವುದಿಲ್ಲ.

ಅದಕ್ಕೇ ಅವನಿಗೆ ಹೇಳಿದೆ: "ಬೆಳಿಗ್ಗೆ ಹೋಗಿ. ಎಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ವಾಪಸ್ ಬಂದು ಇನ್ನೊಂದು ದಿನ ಹೋಗಿ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಅಂತ. ಮೆಕ್ಯಾನಿಕ್ಕಿಂದ ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ನೋಡಿ."

ಎರಡು ದಿನ ಬಿಟ್ಟು ಫೋನಿನಲ್ಲಿ ಫೋಟೋ ತೋರಿಸಿದ. ಪ್ಲಗ್ಗಿನ ತುದಿ ಕಪ್ಪಗೆ, ಆಯಿಲಲ್ಲಿ ಅದ್ದಿದ ಹಾಗಿತ್ತು. ಆ ಬೈಕು ಬಿಟ್ಟ. ಮುಂದಿನ ವಾರ ಇನ್ನೊಂದು ನೋಡಿದ, ಅದರ ಪ್ಲಗ್ ಒಣಗಿ ತಿಳಿ ಕಂದು ಬಣ್ಣಕ್ಕಿತ್ತು. ಬೆಲೆ 58, ಮೂರು ಭಾಗ ಜಾಸ್ತಿ. ಅದಕ್ಕೇ ಅರ್ಜಿ ಹಾಕಿದ, ಬಾಕಿಯ ಮೇಲಿನ ಬಡ್ಡಿಗೆ.