ಕ್ಯಾಮೆರಾ ಬದಲಿಸುವ ಮುನ್ನ ಗೋಡೆ ಕ್ಯಾಲೆಂಡರ್ ಮುಂದೆ ಹತ್ತು ನಿಮಿಷ

ಫೋನಿನಲ್ಲಿ ಫೋಟೊ ಮಸುಕಾಗಿ ಬರುತ್ತಿದೆ ಎಂದು ರಿಪೇರಿ ಅಂಗಡಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಕ್ಯಾಮೆರಾ ಹೋಗಿದೆ, ಹೊಸದು ಹಾಕಬೇಕು.’ ಕೆಲವೊಮ್ಮೆ ಅದು ನಿಜವೂ ಇರುತ್ತದೆ. ಆದರೆ ಲೆನ್ಸ್ ಮೇಲಿನ ಜಿಡ್ಡು, ಅದರ ಮೇಲೆ ಅಂಟಿಸಿದ ಗಾಜು, ಕೈನಡುಕ ಸರಿದೂಗಿಸುವ, ಒಳಗೆ ಸಿಕ್ಕಿಕೊಂಡ ಸ್ಟೆಬಿಲೈಸರ್ ಈ ಮೂರೂ ಕೊಡುವ ಮಸುಕು ಒಂದೇ ಬಗೆಯದಲ್ಲ. ಫೋಟೊವನ್ನು ಹಿಗ್ಗಿಸಿ ನೋಡಿದರೆ ಬಹುಪಾಲು ಸಲ ದೋಷ ಎಲ್ಲಿದೆ ಎಂದು ಮನೆಯಲ್ಲೇ ಹೇಳಬಹುದು.

ಪರೀಕ್ಷೆಗೆ ಗೋಡೆ ಕ್ಯಾಲೆಂಡರ್ ಸಾಕು. ತಿಥಿ, ನಕ್ಷತ್ರ ಬರೆದ ಆ ಸಣ್ಣ ಅಕ್ಷರಗಳಿಗಿಂತ ಒಳ್ಳೆಯ ಗುರಿ ಸಿಗುವುದು ಕಷ್ಟ. ಹಗಲು ಬೆಳಕಿನಲ್ಲಿ ಫೋನನ್ನು ಕುರ್ಚಿಯ ಬೆನ್ನಿಗೋ ಡಬ್ಬಿಗೋ ಆನಿಸಿ, ಕ್ಯಾಲೆಂಡರಿನಿಂದ ಸುಮಾರು ಒಂದು ಮೀಟರ್ ದೂರದಲ್ಲಿಡಿ. ಇನ್ನೂ ಹತ್ತಿರ ಹೋಗಬೇಡಿ. ಈಗಿನ ದೊಡ್ಡ ಸೆನ್ಸರಿನ ಮುಖ್ಯ ಕ್ಯಾಮೆರಾಗಳಲ್ಲಿ ಹಲವು, 15ರಿಂದ 25 ಸೆಂಟಿಮೀಟರಿಗಿಂತ ಹತ್ತಿರದ ವಸ್ತುವಿಗೆ ಫೋಕಸ್ ಮಾಡಲಾರವು. ಅದು ದೋಷವಲ್ಲ. ಬಿಲ್ಲಿನ ಫೋಟೊ ಹತ್ತಿರದಿಂದ ತೆಗೆದು ‘ಮಸುಕು’ ಎನ್ನುವವರಲ್ಲಿ ಎಷ್ಟೋ ಜನರ ಕ್ಯಾಮೆರಾ ಸರಿಯಾಗಿಯೇ ಇರುತ್ತದೆ. ಮೊದಲು ಮುಖ್ಯ ಲೆನ್ಸಿನ 1xನಲ್ಲಿ, ಆಮೇಲೆ ಅಗಲ ಲೆನ್ಸಿನ 0.5xನಲ್ಲಿ, ಕೊನೆಗೆ ಕಿಟಕಿಯಾಚೆ ದೂರದ ಕಟ್ಟಡದತ್ತ ತಿರುಗಿಸಿ ಮತ್ತೆ 1xನಲ್ಲಿ ಒಂದೊಂದು ಫೋಟೊ ತೆಗೆಯಿರಿ.

ಜಿಡ್ಡಿದ್ದರೆ ಅಕ್ಷರದ ಅಂಚು ಇದ್ದಲ್ಲೇ ಇರುತ್ತದೆ, ಆದರೆ ಅದರ ಮೇಲೆ ಬಿಳಿ ಪೊರೆ ಹಾಸಿದಂತೆ ಕಾಣುತ್ತದೆ. ಕಪ್ಪು ಕಪ್ಪಾಗಿರದೆ ಬೂದುಬಣ್ಣವಾಗುತ್ತದೆ. ಏಕೆಂದರೆ ಎಣ್ಣೆಯ ತೆಳು ಪದರ ಫೋಕಸ್ಸನ್ನು ಕೆಡಿಸುವುದಿಲ್ಲ, ಬೆಳಕನ್ನು ಚದುರಿಸುತ್ತದೆ ಅಷ್ಟೆ. ರಾತ್ರಿ ಬೀದಿದೀಪದ ಫೋಟೊದಲ್ಲಿ ಇದು ಸ್ಪಷ್ಟ: ದೀಪದಿಂದ ಉದ್ದನೆಯ ಬೆಳಕಿನ ಗೀಟು ಹೊರಡುತ್ತದೆ. ಲೆನ್ಸನ್ನು ಅಂಗಿಯ ಅಂಚಿನಿಂದ ಎಡಕ್ಕೂ ಬಲಕ್ಕೂ ಉಜ್ಜಿದ್ದರೆ ಎಣ್ಣೆ ಅಡ್ಡ ಗೆರೆಗಳಾಗಿ ಉಳಿದಿರುತ್ತದೆ, ಆಗ ಬೆಳಕಿನ ಗೀಟು ಮೇಲಕ್ಕೂ ಕೆಳಕ್ಕೂ ಹರಡುತ್ತದೆ. ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆಯಿಂದ ಮೊದಲು ಧೂಳನ್ನು ಹಗುರವಾಗಿ ತೆಗೆದು, ಬಟ್ಟೆಯ ಮೂಲೆಗೆ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನ ಒಂದೆರಡು ಹನಿ ಹಾಕಿ ಸುತ್ತು ಸುತ್ತಾಗಿ ಒರೆಸಿ, ಒಣ ಮೂಲೆಯಿಂದ ಮುಗಿಸಿ. ದ್ರವವನ್ನು ನೇರವಾಗಿ ಫೋನಿನ ಮೇಲೆ ಸುರಿಯಬೇಡಿ, ಲೆನ್ಸಿನ ಸುತ್ತಲ ಸಂದಿಗೆ ಇಳಿಯುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯಲ್ಲಿ ಫೋನ್ ಹಿಡಿಯುವವರಿಗೆ ಬರೀ ಒಣಬಟ್ಟೆ ಸಾಲದು, ಅದು ಎಣ್ಣೆಯನ್ನು ಸವರುತ್ತದೆಯೇ ಹೊರತು ತೆಗೆಯುವುದಿಲ್ಲ. ಒರೆಸಿದರೂ ಹೋಗದ, ಬೆಳಿಗ್ಗೆ ಇದ್ದು ಮಧ್ಯಾಹ್ನ ಮಾಯವಾಗುವ ಮಸುಕು ಬೇರೆಯದು. ಅದು ಗಾಜಿನ ಒಳಬದಿಯ ತೇವ, ಎಲ್ಲಿಂದಲೋ ನೀರು ಒಳಹೊಕ್ಕಿದೆ ಎಂದರ್ಥ.

ಲೆನ್ಸ್ ಪ್ರೊಟೆಕ್ಟರ್ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿದೆ: ಬೇಡ. ಲೆನ್ಸಿನ ಹೊರಗಾಜಿಗೆ ಪ್ರತಿಫಲನ ತಡೆಯುವ ಲೇಪನವಿರುತ್ತದೆ. ಅದರ ಮೇಲೆ ಲೇಪನವಿಲ್ಲದ ಅಗ್ಗದ ಗಾಜು ಕೂತರೆ ಎರಡರ ನಡುವೆ ಬೆಳಕು ಅತ್ತಿತ್ತ ಪುಟಿದು, ಬಲ್ಬಿನ ಪಕ್ಕದಲ್ಲಿ ಇನ್ನೊಂದು ಮಸುಕು ಬಲ್ಬು ಮೂಡುತ್ತದೆ. ಮೂರು ಲೆನ್ಸಿಗೂ ಫ್ಲಾಶಿಗೂ ಸೇರಿಸಿ ಒಂದೇ ತುಂಡಾಗಿ ಬರುವ ಪ್ರೊಟೆಕ್ಟರ್ ಇನ್ನೂ ಕೆಟ್ಟದ್ದು. ಫ್ಲಾಶಿನ ಬೆಳಕು ಆ ಗಾಜಿನೊಳಗೇ ಹರಿದು ಲೆನ್ಸಿಗೆ ಬಂದು ಫೋಟೊವನ್ನೆಲ್ಲ ಬಿಳಿಚಿಸುತ್ತದೆ. ಫ್ಲಾಶ್ ಹಾಕಿದಾಗ ಮಾತ್ರ ಮಂಜು, ಹಾಕದಿದ್ದಾಗ ಸರಿ ಎಂದಾದರೆ ಅಪರಾಧಿ ಇದೇ. ಕೆಲವು ಫೋನುಗಳಲ್ಲಿ ದೂರ ಅಳೆಯುವ ಲೇಸರ್ ಕಿಂಡಿಯೂ ಇದರಡಿ ಮುಚ್ಚಿಹೋಗಿ ಫೋಕಸ್ ತಡವರಿಸುತ್ತದೆ. ತೆಗೆದು, ಉಳಿದ ಅಂಟನ್ನು ಅದೇ ಆಲ್ಕೋಹಾಲಿನಿಂದ ಒರೆಸಿ, ಕ್ಯಾಲೆಂಡರ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಹೊಸ ಫೋನಾದರೆ ಕಂಪನಿಯವರೇ ಅಂಟಿಸಿದ ಪಾರದರ್ಶಕ ಹಾಳೆ ಇನ್ನೂ ಅಲ್ಲೇ ಇದೆಯೇ ಎಂದೂ ನೋಡಿ.

ಇವೆರಡೂ ಅಲ್ಲವೆಂದಾದರೆ ಸ್ಟೆಬಿಲೈಸರ್. ಕೈ ನಡುಗಿದಾಗ ಅದರ ವಿರುದ್ಧ ದಿಕ್ಕಿಗೆ ಲೆನ್ಸನ್ನು ಸರಿಸುವ ಏರ್ಪಾಟು ಇದು. ಎಷ್ಟೋ ಫೋನುಗಳಲ್ಲಿ ಲೆನ್ಸು ತೆಳ್ಳನೆಯ ತಂತಿಗಳಲ್ಲೋ ಸಣ್ಣ ಗುಂಡುಗಳ ಮೇಲೋ ನಿಂತಿರುತ್ತದೆ. ಗೈರೊಸ್ಕೋಪು ನಡುಕವನ್ನು ಅಳೆಯುತ್ತದೆ, ಪುಟ್ಟ ಸುರುಳಿಗಳೂ ಆಯಸ್ಕಾಂತಗಳೂ ಲೆನ್ಸನ್ನು ಎಳೆಯುತ್ತವೆ. ತಂತಿ ಸೊಟ್ಟಾದರೆ ಅಥವಾ ಕಸ ಸಿಕ್ಕಿದರೆ ಲೆನ್ಸು ಒಂದು ಬದಿಗೆ ವಾಲಿ ನಿಲ್ಲುತ್ತದೆ. ಆಗ ಕ್ಯಾಲೆಂಡರಿನ ಎಡಭಾಗ ಸ್ಪಷ್ಟ, ಬಲಭಾಗ ಮಸುಕು. ಇಲ್ಲವೇ ಫೋನ್ ಅಲುಗಾಡದಿದ್ದರೂ ತೆರೆಯ ಮೇಲಿನ ಚಿತ್ರ ಗಡಗಡ ನಡುಗಿ, ಕ್ಯಾಮೆರಾದಿಂದ ಗುಂಯ್ ಎಂಬ ಸದ್ದು ಬರುತ್ತದೆ. ಒಂದು ಸದ್ದಿಗೆ ಮಾತ್ರ ಹೆದರಬೇಡಿ: ಕ್ಯಾಮೆರಾ ಆ್ಯಪ್ ಮುಚ್ಚಿರುವಾಗ ಫೋನ್ ಅಲ್ಲಾಡಿಸಿದರೆ ಕೇಳುವ ಸಣ್ಣ ಟಕಟಕ. ವಿದ್ಯುತ್ ಇಲ್ಲದಾಗ ಲೆನ್ಸು ಸಡಿಲವಾಗಿರುವುದು ಸಹಜ. ಆ್ಯಪ್ ತೆರೆದ ಮೇಲೂ ಅದು ನಿಲ್ಲದಿದ್ದರೆ ಅನುಮಾನಪಡಿ.

ಒಂದು ಉದಾಹರಣೆ ನೋಡೋಣ. ಬೆಂಗಳೂರಿನಲ್ಲಿ ಊಟ ತಲುಪಿಸುವ ಹುಡುಗನ ಫೋನು, ದಿನವಿಡೀ ಬೈಕಿನ ಹ್ಯಾಂಡಲ್ ಸ್ಟ್ಯಾಂಡಿನಲ್ಲಿ ಕೂತಿರುತ್ತದೆ. ಒಂದೇ ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 83 ಸಲ ಹ್ಯಾಂಡಲ್ಲನ್ನು ನಡುಗಿಸುತ್ತದೆ. ಅವನ 1x ಫೋಟೊ ಹತ್ತಿರಕ್ಕೂ ದೂರಕ್ಕೂ ಮಸುಕು, 0.5x ಮಾತ್ರ ಚೊಕ್ಕ. ಸಾಮಾನ್ಯವಾಗಿ 0.5xನ ಅಗಲ ಲೆನ್ಸಿಗೆ ಈ ಸ್ಟೆಬಿಲೈಸರ್ ಇರುವುದಿಲ್ಲ. ಒರೆಸಿದರೂ ವ್ಯತ್ಯಾಸವಿಲ್ಲ, ಪ್ರೊಟೆಕ್ಟರೂ ಇಲ್ಲ. ಆಮೇಲೆ ಕವರ್ ತೆಗೆದು ನೋಡಬೇಕು, ಏಕೆಂದರೆ ಕವರಿನ ಅಥವಾ ಸ್ಟ್ಯಾಂಡಿನ ಆಯಸ್ಕಾಂತ ಲೆನ್ಸಿಗೆ ಹತ್ತಿರವಿದ್ದರೆ ಅದೂ ಲೆನ್ಸನ್ನು ಎಳೆಯುತ್ತದೆ. ಕವರ್ ತೆಗೆದೂ ಮಸುಕೇ. ಆ್ಯಪಿನ ಪ್ರೊ ಮೋಡಿನಲ್ಲಿ ಫೋಕಸ್ಸನ್ನು ಕೈಯಿಂದ ಹತ್ತಿರದಿಂದ ದೂರಕ್ಕೆ ಸರಿಸಿದಾಗ ಚಿತ್ರ ಬದಲಾಗುವುದೇ ಇಲ್ಲ. ಇಷ್ಟಾದ ಮೇಲೆ ಕ್ಯಾಮೆರಾ ಮಾಡ್ಯೂಲ್ ಹೋಗಿದೆ ಎನ್ನಬಹುದು. ಬೈಕಿನ ಎಂಜಿನ್ ಕಂಪನ ಐಫೋನಿನ ಕ್ಯಾಮೆರಾವನ್ನು ಕೆಡಿಸಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು, ಸ್ಕೂಟರಿಗೂ ಕಂಪನ ತಗ್ಗಿಸುವ ಸ್ಟ್ಯಾಂಡ್ ಬಳಸಲು ಹೇಳಿತ್ತು.

ಲೆನ್ಸಿನ ಪಕ್ಕ ಆಯಸ್ಕಾಂತ ಹಿಡಿದರೆ ಸರಿಹೋಗುತ್ತದೆ ಎಂಬ ವಿಡಿಯೊಗಳಿವೆ. ಸಿಕ್ಕ ಲೆನ್ಸು ಕೊಂಚ ಸರಿದು ಚಿತ್ರ ಕ್ಷಣಕಾಲ ಸ್ಪಷ್ಟವಾಗುವುದೂ ಉಂಟು. ಅದು ದೋಷ ಎಲ್ಲಿದೆ ಎಂದು ತೋರಿಸುತ್ತದೆ, ರಿಪೇರಿ ಮಾಡುವುದಿಲ್ಲ. ಬೆರಳಿನಿಂದ ತಟ್ಟುವುದೂ ಹಾಗೆಯೇ, ಉಳಿದ ತಂತಿಯೂ ತುಂಡಾದೀತು.

ಈ ಭಾಗವನ್ನು ಬಿಡಿಸಿ ಸರಿಪಡಿಸುವ ಅಂಗಡಿ ಸಿಗುವುದು ಅಪರೂಪ, ಇಡೀ ಮಾಡ್ಯೂಲನ್ನೇ ಬದಲಿಸುತ್ತಾರೆ. ಅಗ್ಗದ ನಕಲಿಗಳಲ್ಲಿ ಸ್ಟೆಬಿಲೈಸರ್ ಇಲ್ಲದೆಯೂ ಇರಬಹುದು, ಹಗಲಲ್ಲಿ ಅದು ಗೊತ್ತಾಗುವುದಿಲ್ಲ. ಹಾಗಾಗಿ ದುಡ್ಡು ಕೊಡುವ ಮುನ್ನ ಅಂಗಡಿಯ ಮಬ್ಬು ಮೂಲೆಯಲ್ಲಿ ಫೋನನ್ನು ಕೈಯಲ್ಲಿ ಹಿಡಿದೇ ಅಲುಗಾಡದ ವಸ್ತುವಿನ ಐದಾರು ಫೋಟೊ ತೆಗೆದು ಹಿಗ್ಗಿಸಿ ನೋಡಿ. ಐಫೋನ್ 12 ಮತ್ತು ನಂತರದವುಗಳಲ್ಲಿ Settings > General > About ತೆರೆಯಿರಿ. ಅಸಲಿಯಲ್ಲದ ಕ್ಯಾಮೆರಾ ಹಾಕಿದ್ದರೆ ಅಲ್ಲಿ ಸೂಚನೆ ಬರುತ್ತದೆ. ಫ್ಲಾಶ್ ಹಾಕಿಯೂ ಒಂದು ಫೋಟೊ ತೆಗೆಯಿರಿ. ಮುಚ್ಚುವಾಗ ಹೊರಗಾಜಿನ ಸುತ್ತಲ ಅಂಟು ಸರಿಯಾಗಿ ಕೂರದಿದ್ದರೆ ಒಳಗೆ ಸೇರಿದ ಧೂಳಿನಿಂದ ಆ ಫೋಟೊದಲ್ಲಿ ಮಂಜು ಕಾಣಬಹುದು.